“ದಯವಿಟ್ಟು ಸೂಚಿಸಿ” ಎಂಬ ಕೊನೇ ಸಾಲನ್ನು ಮೇಲಕ್ಕೆ ತರುವುದು ಹೇಗೆ

(ಪುಣೆಯಲ್ಲಿ ಕಾರ್ಖಾನೆ, ಆಫೀಸುಗಳಲ್ಲಿ ಕೆಲಸ ಮಾಡುವ ಕನ್ನಡಿಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಹಾಗೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಒಂದು ಮೇಲ್ ಬಗ್ಗೆ ಮಾತಾಡುತ್ತೇನೆ. ಚಾಕಣ್ ಕಡೆಯ ಒಂದು ಪ್ಲಾಸ್ಟಿಕ್ ಮೋಲ್ಡಿಂಗ್ ಕಾರ್ಖಾನೆಯಲ್ಲಿ ಬರೆದದ್ದು. ಕಾರಿನ ಒಳಗಿನ ಸಣ್ಣ ಕ್ಲಿಪ್ಪು, ಬ್ರಾಕೆಟ್ಟು ಮಾಡುವ ಜಾಗ. ಅಂಕಿಗಳನ್ನು ಸ್ವಲ್ಪ ಬದಲಿಸಿದ್ದೇನೆ, ಲೆಕ್ಕ ಕೆಡದ ಹಾಗೆ. ಬರೆದವನು ಗದಗದ ಕಡೆಯ ಹುಡುಗ, ಪ್ಲ್ಯಾನಿಂಗ್‌ನಲ್ಲಿದ್ದಾನೆ. ತೋರಿಸಿ ಅಂತ ಅವನೇ ಹೇಳಿದ್ದಾನೆ, ಹೆಸರು ಮಾತ್ರ ಬೇಡ ಅಂದ. ನಮ್ಮ ಆಫೀಸುಗಳಲ್ಲಿ ಮೇಲ್ ಎಲ್ಲ ಇಂಗ್ಲಿಷಿನಲ್ಲೇ ಹೋಗುತ್ತದೆ, ವಾಟ್ಸಾಪ್ ಹಿಂದಿ ಮರಾಠಿಯಲ್ಲಿ. ಇಲ್ಲಿ ನಾವು ನಾವೇ ಇರುವುದರಿಂದ ಕನ್ನಡದಲ್ಲೇ ಓದೋಣ.

ಬುಧವಾರ ಬೆಳಗ್ಗೆ ಒಂಬತ್ತರ ಸುಮಾರಿಗೆ ಪ್ಲಾಂಟ್ ಹೆಡ್‌ಗೆ ಕಳಿಸಬೇಕು ಅಂತ ಬರೆದ ಮೇಲ್ ಇದು. ಇದರಲ್ಲಿ ರೆಸಿನ್ ಅಂದರೆ ಮೋಲ್ಡಿಂಗ್‌ಗೆ ಬೇಕಾದ ಪ್ಲಾಸ್ಟಿಕ್ ಕಚ್ಚಾ ಮಾಲು, ಸಿಎಚ್‌ಎ ಅಂದರೆ ಕಸ್ಟಮ್ಸ್ ಕೆಲಸ ಮಾಡಿಸಿಕೊಡುವ ಏಜೆಂಟು, ಔಟ್ ಆಫ್ ಚಾರ್ಜ್ ಅಂದರೆ ಮಾಲು ಬಿಡಲು ಕಸ್ಟಮ್ಸ್ ಕೊಡುವ ಅನುಮತಿ.

“ವಿಷಯ: ರೆಸಿನ್ ಸ್ಟೇಟಸ್ ಅಪ್‌ಡೇಟ್

ಸರ್, ನಮಸ್ಕಾರ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಸುವುದೇನೆಂದರೆ, ನಮ್ಮ ರೆಸಿನ್ ಕಂಟೇನರ್ ಕಳೆದ ಗುರುವಾರ ನಾವಾ ಶೇವಾಕ್ಕೆ ಬಂದಿದೆ. ಬಿಲ್ ಆಫ್ ಎಂಟ್ರಿ ಮೊದಲೇ ಫೈಲ್ ಮಾಡಿದ್ದೆವು. ಆದರೆ ಕಸ್ಟಮ್ಸ್‌ನವರು ಎಕ್ಸಾಮಿನೇಷನ್‌ಗೆ ಹಾಕಿದ್ದಾರೆ. ಶನಿವಾರ ಒಂದು ಕ್ವೆರಿ ಬಂತು, ಸೋಮವಾರ ಉತ್ತರ ಕೊಟ್ಟಿದ್ದೇವೆ. ಸಿಎಚ್‌ಎ ಜೊತೆ ದಿನಾ ಫಾಲೋ ಅಪ್ ಮಾಡುತ್ತಿದ್ದೇವೆ. ಶನಿವಾರದ ಹೊತ್ತಿಗೆ ಔಟ್ ಆಫ್ ಚಾರ್ಜ್ ಸಿಗಬಹುದು ಅಂತ ಅವರು ಹೇಳಿದ್ದಾರೆ. ಆಮೇಲೆ ಡೆಲಿವರಿ ಆರ್ಡರ್, ಗಾಡಿ ಎಲ್ಲ ಸೇರಿ ಸೋಮವಾರ ಸಂಜೆ ಮಾಲು ಬರಬಹುದು, ಘಾಟ್‌ನಲ್ಲಿ ಮಳೆ ಇಲ್ಲದಿದ್ದರೆ. ಸ್ಟೋರ್‌ನಲ್ಲಿ ಸದ್ಯ 430 ಕೆಜಿ ಇದೆ. ದಿನಕ್ಕೆ 180 ಕೆಜಿ ಖರ್ಚಾಗುತ್ತದೆ. ಪರ್ಚೇಸ್‌ನವರು ಭಿವಂಡಿಯ ಒಬ್ಬ ಟ್ರೇಡರ್ ಹತ್ತಿರ ವಿಚಾರಿಸಿದ್ದಾರೆ, ಅವರ ಬಳಿ ಅದೇ ಗ್ರೇಡ್ ಇದೆಯಂತೆ, ದರ ಸ್ವಲ್ಪ ಜಾಸ್ತಿ. ಕ್ವಾಲಿಟಿಯವರು ಟೆಸ್ಟ್ ಸರ್ಟಿಫಿಕೇಟ್ ಕೇಳಿದ್ದಾರೆ. ದಯವಿಟ್ಟು ಮುಂದಿನ ಕ್ರಮ ಸೂಚಿಸಿ.”

ಇದರಲ್ಲಿ ಸುಳ್ಳೇನೂ ಇಲ್ಲ, ಭಾಷೆಯೂ ಕೆಟ್ಟಿಲ್ಲ. ಕಳಿಸುವ ಮೊದಲು ನನ್ನನ್ನು ಕೇಳಿದ, “ಎಲ್ಲಾ ಬರ್ದೀನಲ್ರಿ ಸರ್, ಏನಾದ್ರೂ ಬಿಟ್ಟೀನೇನು?” ಅಂತ. ಬಿಟ್ಟಿರಲಿಲ್ಲ ಅಂತಲೇ ನನಗೂ ಮೊದಲ ಓದಿಗೆ ಅನ್ನಿಸಿತು.

ಆದರೆ ಇದನ್ನು ಓದುವವರು ಎಲ್ಲಿ ಇರುತ್ತಾರೆ ನೋಡಿ. ಪ್ಲಾಂಟ್ ಹೆಡ್ ಬೆಳಗಿನ ಮೀಟಿಂಗ್‌ನಲ್ಲಿ ಕೂತು ಮೊಬೈಲಿನಲ್ಲಿ ನೋಡುತ್ತಾರೆ. ಮೇಲ್ ತೆರೆಯುವ ಮೊದಲು ಕಾಣುವುದು ವಿಷಯದ ಸಾಲು, ಅದರ ಕೆಳಗೆ ಮೇಲ್‌ನ ಮೊದಲ ಕೆಲವೇ ಪದ. ಇಲ್ಲಿ ಅವರಿಗೆ ಕಂಡದ್ದೇನು? “ರೆಸಿನ್ ಸ್ಟೇಟಸ್ ಅಪ್‌ಡೇಟ್. ಸರ್, ನಮಸ್ಕಾರ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿ...” ಅಷ್ಟೇ. ಸ್ಟೇಟಸ್ ಅಂತ ಇದೆ, ಸಂಜೆ ನೋಡಿದರಾಯಿತು ಅಂತ ಮುಂದೆ ಹೋಗುತ್ತಾರೆ. ನಾವಾದರೂ ಅದನ್ನೇ ಮಾಡುತ್ತೇವೆ, ಅಲ್ವಾ?

ತೆರೆದು ಓದಿದರೂ ಅರ್ಧದ ತನಕ ಇದು ಕಸ್ಟಮ್ಸ್ ಕಥೆ. ಓದುವವರ ತಲೆಯಲ್ಲಿ “ಓಹೋ, ಕಸ್ಟಮ್ಸ್‌ಗೆ ಯಾರಿಗಾದರೂ ಫೋನ್ ಮಾಡಬೇಕಾ?” ಅನ್ನುವ ಪ್ರಶ್ನೆ ಹುಟ್ಟಿರುತ್ತದೆ. ಹಾಗಾಗಿ ಉತ್ತರ ಬರುವುದು ಹೀಗೆ: “ಸಿಎಚ್‌ಎಗೆ ಪ್ರೆಶರ್ ಹಾಕಿ.” ಇಲ್ಲವೇ ಎಲ್ಲಕ್ಕಿಂತ ಕೆಟ್ಟ ಉತ್ತರ, “ನೋಟೆಡ್.” ನೀವು ಒಪ್ಪಿಗೆ ಕೇಳಿದ್ದೀರಿ ಅಂತ ನೀವು ಅಂದುಕೊಂಡಿರುತ್ತೀರಿ, ಅವರು ಸುದ್ದಿ ಓದಿದೆ ಅಂದುಕೊಂಡಿರುತ್ತಾರೆ. ನಿಮ್ಮ ಅಪ್‌ಡೇಟುಗಳಿಗೆ “ನೋಟೆಡ್”, “ಓಕೆ”, ಇಲ್ಲವೇ “ಕಾಲ್ ಮಿ” ಅಂತಲೇ ಉತ್ತರ ಬರುತ್ತಿದ್ದರೆ, ನೀವು ಏನು ಕೇಳುತ್ತಿದ್ದೀರಿ ಅನ್ನೋದು ಅವರಿಗೆ ಮುಟ್ಟುತ್ತಿಲ್ಲ.

ಹಾಗಾದರೆ ತಿದ್ದುವುದು ಎಲ್ಲಿಂದ? ತುಂಬಾ ಜನ ಕೊನೇ ಸಾಲನ್ನು ಕತ್ತರಿಸಿ ಮೇಲೆ ಅಂಟಿಸುತ್ತಾರೆ. ಮಾಡಿ ನೋಡಿ: “ದಯವಿಟ್ಟು ಮುಂದಿನ ಕ್ರಮ ಸೂಚಿಸಿ. ಕಂಟೇನರ್ ಕಳೆದ ಗುರುವಾರ...” ಏನೂ ಬದಲಾಗಲಿಲ್ಲ. ಯಾಕೆಂದರೆ ಆ ಕೊನೇ ಸಾಲಿನಲ್ಲಿ ನಿರ್ಧಾರವೇ ಇರಲಿಲ್ಲ. “ಮುಂದಿನ ಕ್ರಮ ಸೂಚಿಸಿ” ಅಂದರೆ ನಾನು ಮಾಡಬೇಕಾದ ಯೋಚನೆಯನ್ನು ನೀವೇ ಮಾಡಿಕೊಡಿ ಅಂತ.

ನಾನು ಮಾಡಿಸುವುದು ಬೇರೆ. ಮೇಲ್ ಬದಿಗಿಡು, ಮೊದಲು ಸಾಹೇಬರ ಉತ್ತರ ಬರಿ ಅನ್ನುತ್ತೇನೆ. ಅವರು ಯಾವ ಒಂದು ಸಾಲು ಬರೆದು ಕಳಿಸಿದರೆ ನೀನು ಕುರ್ಚಿಯಿಂದ ಎದ್ದು ಕೆಲಸ ಶುರು ಮಾಡಬಹುದು? ಹುಡುಗ ಸ್ವಲ್ಪ ಯೋಚಿಸಿ ಬರೆದ: “ಸರಿ, ಭಿವಂಡಿಯಿಂದ ತರಿಸಿ.” ಎಷ್ಟು ತರಿಸಬೇಕು ಅಂದೆ. ಅವನ ಹತ್ತಿರ ಉತ್ತರವಿರಲಿಲ್ಲ. ಎಷ್ಟು ಹಣ? “ಸ್ವಲ್ಪ ಜಾಸ್ತಿ” ಅಷ್ಟೇ ಗೊತ್ತು. ಯಾವಾಗಿನ ಒಳಗೆ ಹೇಳಬೇಕು? ಅದೂ ಇಲ್ಲ. ಸಾಹೇಬರನ್ನೇ ಯಾಕೆ ಕೇಳುತ್ತಿದ್ದೀಯ, ಪರ್ಚೇಸ್ ಹೆಡ್ ಯಾಕೆ ಸಾಲದು? ಅಲ್ಲಿಗೆ ಅವನು ಫೋನ್ ತೆಗೆದುಕೊಂಡು ಹೊರಗೆ ಹೋದ.

ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ಮೇಲ್ ಉದ್ದ ಆದದ್ದು ಬರವಣಿಗೆ ಬಾರದ್ದಕ್ಕಲ್ಲ. ಏನು ಕೇಳಬೇಕು ಅನ್ನೋದು ಬರೆಯುವವನಿಗೇ ಇನ್ನೂ ಗೊತ್ತಾಗಿರಲಿಲ್ಲ. ಗೊತ್ತಿಲ್ಲದಾಗ ನಾವು ಆದದ್ದನ್ನೆಲ್ಲ ಆದ ಕ್ರಮದಲ್ಲಿ ಹೇಳುತ್ತೇವೆ. ಇನ್ನೊಂದು ಕಾರಣವೂ ಇದೆ, ನಮ್ಮ ಮಧ್ಯೆಯೇ ಹೇಳಿಕೊಳ್ಳೋಣ. “ದಿನಾ ಫಾಲೋ ಅಪ್ ಮಾಡುತ್ತಿದ್ದೇವೆ”, “ಮೊದಲೇ ಫೈಲ್ ಮಾಡಿದ್ದೆವು” ಅನ್ನೋ ಸಾಲುಗಳು ಸಾಹೇಬರಿಗಾಗಿ ಬರೆದದ್ದಲ್ಲ. ನಾಳೆ ಲೈನ್ ನಿಂತರೆ ನನ್ನ ತಪ್ಪಲ್ಲ ಅಂತ ಈಗಲೇ ಬರೆದಿಟ್ಟ ಜಾಮೀನು ಅವು. ತಪ್ಪೇನಿಲ್ಲ, ನೌಕರಿ ಅಂದಮೇಲೆ ಅದೂ ಬೇಕು. ಆದರೆ ಅದರ ಜಾಗ ಮೇಲ್‌ನ ಕೆಳಗಿನ ತುದಿ.

ಹುಡುಗ ಅರ್ಧ ಗಂಟೆಯಲ್ಲಿ ವಾಪಸ್ ಬಂದ. ಈಗ ಕೈಯಲ್ಲಿ ಇದ್ದದ್ದು ಇಷ್ಟು. ನಮ್ಮ ಮಾಮೂಲಿ ದರ ಕೆಜಿಗೆ 265 ರೂಪಾಯಿ, ಭಿವಂಡಿಯವನದು 410. ಮಾಲನ್ನು ಇವತ್ತು ಮಧ್ಯಾಹ್ನ ಮೂರರ ತನಕ ಮಾತ್ರ ಹಿಡಿದಿಡುತ್ತಾನೆ, ಆಮೇಲೆ ಬೇರೆಯವರಿಗೆ. ಮಾಮೂಲಿ ದರಕ್ಕಿಂತ ಐವತ್ತು ಸಾವಿರದ ತನಕ ಹೆಚ್ಚು ಕೊಡುವುದಕ್ಕೆ ಪರ್ಚೇಸ್ ಹೆಡ್ ಸಾಕು, ಅದರ ಮೇಲೆ ಪ್ಲಾಂಟ್ ಹೆಡ್ ಬೇಕು.

ಎಷ್ಟು ತರಿಸಬೇಕು ಅನ್ನೋದನ್ನು ಇಬ್ಬರೂ ಕೂತು ಲೆಕ್ಕ ಹಾಕಿದೆವು. 430 ಕೆಜಿ ಅನ್ನೋದು ಬೆಳಗ್ಗೆ ಏಳಕ್ಕೆ, ಮೊದಲ ಶಿಫ್ಟ್ ಶುರುವಾಗುವಾಗಿನ ಲೆಕ್ಕ. ದಿನಕ್ಕೆ 180 ಅಂದರೆ ಗಂಟೆಗೆ ಏಳೂವರೆ ಕೆಜಿ. ಶುಕ್ರವಾರ ಬೆಳಗ್ಗೆ ಏಳಕ್ಕೆ 70 ಕೆಜಿ ಉಳಿಯುತ್ತದೆ. ಅದು ಸಂಜೆ ನಾಲ್ಕರ ಸುಮಾರಿಗೆ ಮುಗಿಯುತ್ತದೆ. ಅಲ್ಲಿಂದ ಸೋಮವಾರ ಸಂಜೆ ಆರರ ತನಕ ಎಪ್ಪತ್ತನಾಲ್ಕು ಗಂಟೆ, ಅಂದರೆ 555 ಕೆಜಿ. ಚೀಲ 25 ಕೆಜಿಯದು. ಇಪ್ಪತ್ತನಾಲ್ಕು ಚೀಲ, 600 ಕೆಜಿ ತಂದರೆ ಸೋಮವಾರ ಮಧ್ಯರಾತ್ರಿ ತನಕ ನಡೆಯುತ್ತದೆ. ಈ ಜಾತಿಯ ನೈಲಾನ್ ರೆಸಿನ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಮಷಿನ್‌ಗೆ ಹಾಕುವ ಮೊದಲು ಕೆಲವು ಗಂಟೆ ಡ್ರೈಯರ್‌ನಲ್ಲಿ ಒಣಗಿಸಬೇಕು. ಹಾಗಾಗಿ ಕಂಟೇನರ್ ಆರಕ್ಕೆ ಬಂದರೆ ಆರಕ್ಕೇ ಲೈನ್ ಓಡುವುದಿಲ್ಲ. ಆ ಮಿಕ್ಕ 45 ಕೆಜಿ ಅದಕ್ಕೇ ಬೇಕು.

ಈಗ ಎರಡು ಸಾಲು ಬರಿ ಅಂದೆ. ಮೊದಲ ಪ್ರಯತ್ನ ಹೀಗಿತ್ತು: “ರೆಸಿನ್ ಪರಿಸ್ಥಿತಿ ಗಂಭೀರವಾಗಿದೆ. ಭಿವಂಡಿಯಿಂದ ತುರ್ತಾಗಿ ತರಿಸಲು ಒಪ್ಪಿಗೆ ಕೊಡಬೇಕು.” ಮೊದಲಿಗಿಂತ ನೂರು ಪಾಲು ಮೇಲು. ಆದರೂ ಇದಕ್ಕೆ ಹೌದು ಅಥವಾ ಬೇಡ ಅನ್ನೋಕಾಗುವುದಿಲ್ಲ. “ಎಷ್ಟಾಗುತ್ತೆ?” ಅಂತ ತಿರುಗಿ ಕೇಳಲೇಬೇಕು. “ಗಂಭೀರ”, “ತುರ್ತು” ಅನ್ನೋ ಪದಗಳಿಗೆ ಈಗ ಬೆಲೆ ಇಲ್ಲ, ಎಲ್ಲರ ಮೇಲ್‌ನಲ್ಲೂ ತುರ್ತೇ. ಶುಕ್ರವಾರ ಸಂಜೆ ನಾಲ್ಕು ಅಂದರೆ ಸಾಕು, ಎಷ್ಟು ಗಂಭೀರ ಅನ್ನೋದನ್ನು ಅವರೇ ತಿಳಿದುಕೊಳ್ಳುತ್ತಾರೆ.

ಎರಡನೇ ಸಲ ಎಲ್ಲ ಅಂಕಿಯನ್ನೂ ತುಂಬಿದ. ಒಟ್ಟು ಬಿಲ್ 2.46 ಲಕ್ಷ, ಎರಡೂ ದರ, ಚೀಲದ ಲೆಕ್ಕ, ಎಲ್ಲ ಒಂದೇ ವಾಕ್ಯದಲ್ಲಿ. ಇಲ್ಲಿ ಯಾವ ಅಂಕಿ ಮೇಲೆ ಇರಬೇಕು ಅನ್ನೋದನ್ನು ಆರಿಸಬೇಕು. 2.46 ಲಕ್ಷ ನೋಡಿದರೆ ಸಾಹೇಬರು ಬೆಚ್ಚುತ್ತಾರೆ, ಆದರೆ ಅವರು ನಿರ್ಧರಿಸುತ್ತಿರುವುದು ಆ ಹಣದ ಬಗ್ಗೆ ಅಲ್ಲ. ರೆಸಿನ್ ಅಂತೂ ಬೇಕೇ ಬೇಕು, 265ರ ಲೆಕ್ಕದಲ್ಲಿ ಆ ಖರ್ಚು ಇದ್ದೇ ಇದೆ. ಹೊಸದಾಗಿ ಒಪ್ಪಬೇಕಾದದ್ದು ಕೆಜಿಗೆ 145 ರೂಪಾಯಿ ಹೆಚ್ಚು, 600 ಕೆಜಿಗೆ 87,000. ಅದು ಮೇಲೆ. ಒಟ್ಟು ಮೊತ್ತ ಕೆಳಗೆ, ಆದರೆ ಕಾಣುವ ಹಾಗೆ. ಬಚ್ಚಿಟ್ಟರು ಅಂತ ಆಗಬಾರದಲ್ಲ.

ಕೊನೆಗೆ ಹೋದದ್ದು ಇದು.

“ವಿಷಯ: ಇಂದು 3ರೊಳಗೆ ಒಪ್ಪಿಗೆ ಬೇಕು: 600 ಕೆಜಿ ರೆಸಿನ್, ₹87,000 ಹೆಚ್ಚುವರಿ ಖರ್ಚು

ಸರ್, ಭಿವಂಡಿಯಿಂದ ಅದೇ ಗ್ರೇಡಿನ 600 ಕೆಜಿ ರೆಸಿನ್ ತರಿಸಲು, ಮಾಮೂಲಿ ದರಕ್ಕಿಂತ ₹87,000 ಹೆಚ್ಚು ಕೊಡಲು, ಇಂದು ಮಧ್ಯಾಹ್ನ 3ರೊಳಗೆ ನಿಮ್ಮ ಒಪ್ಪಿಗೆ ಬೇಕು. ತರಿಸಬೇಕು ಅಂತ ನನ್ನ ಮತ್ತು ಪರ್ಚೇಸ್‌ನವರ ಅಭಿಪ್ರಾಯ.
ತರಿಸದಿದ್ದರೆ ಶುಕ್ರವಾರ ಸಂಜೆ 4ಕ್ಕೆ ನಮ್ಮ ಲೈನ್, ಶನಿವಾರ ಸಂಜೆ ಗ್ರಾಹಕರ ಲೈನ್ ನಿಲ್ಲುತ್ತದೆ. ನಮ್ಮ ಕಂಟೇನರ್ ಸೋಮವಾರ ಸಂಜೆಗಿಂತ ಮೊದಲು ಬರುವುದಿಲ್ಲ.

3ರ ಗಡುವು ಯಾಕೆ: ಟ್ರೇಡರ್ ಅಲ್ಲಿಯ ತನಕ ಮಾತ್ರ ಮಾಲು ಹಿಡಿದಿಡುತ್ತಾರೆ.
600 ಯಾಕೆ: 300 ತಂದರೆ ಭಾನುವಾರ ಬೆಳಗ್ಗೆಯೇ ಮುಗಿಯುತ್ತದೆ. 600 ಸೋಮವಾರ ಮಧ್ಯರಾತ್ರಿ ತನಕ ಬರುತ್ತದೆ. ಒಟ್ಟು ಬಿಲ್ ₹2.46 ಲಕ್ಷ.
ಕ್ವಾಲಿಟಿ: ಮಾಲು ಬಂದ ಕೂಡಲೇ ಇಲ್ಲಿ ಪರೀಕ್ಷೆ. ಪಾಸ್ ಆಗದಿದ್ದರೆ ವಾಪಸ್ ತೆಗೆದುಕೊಳ್ಳಲು ಟ್ರೇಡರ್ ಬರಹದಲ್ಲಿ ಒಪ್ಪಿದ್ದಾರೆ.
ಕಂಟೇನರ್: ಕಸ್ಟಮ್ಸ್ ಎಕ್ಸಾಮಿನೇಷನ್‌ನಲ್ಲಿದೆ. ಕ್ವೆರಿಗೆ ಸೋಮವಾರ ಉತ್ತರ ಕೊಟ್ಟಿದ್ದೇವೆ. ಶನಿವಾರ ಔಟ್ ಆಫ್ ಚಾರ್ಜ್ ನಿರೀಕ್ಷೆ.”

ಗ್ರಾಹಕರ ಲೈನ್ ವಿಷಯ ಮೊದಲ ಮೇಲ್‌ನಲ್ಲಿ ಇರಲೇ ಇಲ್ಲ. ಅವರ ಹತ್ತಿರ ನಮ್ಮ ಮಾಲು ಒಂದು ದಿನದ್ದು ಮಾತ್ರ ಇರುತ್ತದೆ ಅನ್ನೋದು ಹುಡುಗನಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ ಬರೆಯಬೇಕು ಅಂತಲೇ ಅನ್ನಿಸಿರಲಿಲ್ಲ. ಸಾಹೇಬರ ಮಟ್ಟಿಗೆ 87,000ಕ್ಕೆ ಎದುರಾಗಿ ತೂಗಬೇಕಾದದ್ದು ಅದೊಂದೇ. “ತರಿಸದಿದ್ದರೆ ಏನಾಗುತ್ತದೆ” ಅಂತ ಬರೆಯಲು ಕೂತಾಗ ತಾನಾಗಿ ಹೊರಗೆ ಬಂತು.

ಇನ್ನು ಕೆಳಗಿನ ಸಾಲುಗಳ ಕ್ರಮ. ಮೇಲಿನ ಎರಡು ಸಾಲು ಓದಿದ ಮನುಷ್ಯನಿಗೆ ಮೊದಲು ಬರುವ ಪ್ರಶ್ನೆ ಮೊದಲು, ಆಮೇಲಿನದು ಆಮೇಲೆ. ಕಂಟೇನರ್ ಕಥೆ ಮೊದಲ ಮೇಲ್‌ನಲ್ಲಿ ಅರ್ಧ ಜಾಗ ತಿಂದಿತ್ತು, ಇಲ್ಲಿ ಕೊನೆಯಲ್ಲಿ ಒಂದು ಸಾಲು. ಘಾಟ್‌ನ ಮಳೆ ಬಿಟ್ಟೇ ಹೋಯಿತು. ಅದರಿಂದ ಇವತ್ತಿನ ನಿರ್ಧಾರ ಬದಲಾಗುವುದಿಲ್ಲವಲ್ಲ.

ಈ ಕೊನೇ ಮಾತಿನಲ್ಲೇ ಒಂದು ಅಪಾಯ ಅಡಗಿದೆ. ಮೇಲಿನ ಎರಡು ಸಾಲು ಚೆನ್ನಾಗಿದ್ದರೆ ಜನ ಕೆಳಗೆ ಓದುವುದೇ ಇಲ್ಲ. “ಅಪ್ರೂವ್ಡ್” ಅಂತ ಹೊಡೆದು ಮುಂದೆ ಹೋಗುತ್ತಾರೆ. ಹಾಗಾಗಿ ನಿರ್ಧಾರವನ್ನು ತಿರುಗಿಸಬಲ್ಲ ಯಾವ ಸಂಗತಿಯೂ ಕೆಳಗೆ ಇರಬಾರದು. ಕ್ವಾಲಿಟಿ ಸಾಲನ್ನೇ ನೋಡಿ. ಟ್ರೇಡರ್ ವಾಪಸ್ ತಗೊಳ್ಳಲು ಒಪ್ಪಿರುವುದರಿಂದ ಅದು ಕೆಳಗಿದ್ದರೆ ನಡೆಯುತ್ತದೆ. ಪರೀಕ್ಷೆ ಫೇಲಾದರೆ ಹಣವಾದರೂ ವಾಪಸ್ ಬರುತ್ತದೆ. ಆದರೆ ಅವನು “ಒಮ್ಮೆ ಮಾರಿದ ಮಾಲು ವಾಪಸ್ ಇಲ್ಲ” ಅಂದಿದ್ದರೆ? ಆಗ ಸಾಹೇಬರು ಒಪ್ಪುತ್ತಿರುವುದು 87,000 ಅಲ್ಲ, ಪೂರ್ತಿ 2.46 ಲಕ್ಷ ಮುಳುಗಬಹುದಾದ ಸಾಹಸ. ಅದು ಮೊದಲ ಸಾಲಿಗೇ ಬರಬೇಕು. ಕೆಳಗೆ ಐದನೇ ಸಾಲಿನಲ್ಲಿ ಬರೆದಿದ್ದೆನಲ್ಲ ಸರ್ ಅಂತ ಆಮೇಲೆ ಹೇಳಿದರೆ, ಆ ಸಾಹೇಬರು ಮುಂದೆ ಯಾವತ್ತೂ ನಿಮ್ಮ ಎರಡು ಸಾಲನ್ನು ನಂಬುವುದಿಲ್ಲ.

ಗಡುವಿನದೂ ಹೀಗೇ. ಮೂರು ಗಂಟೆ ಅನ್ನೋದು ಟ್ರೇಡರ್ ಹಾಕಿದ ಗಡುವು, ಅದಕ್ಕೆ ಕಾರಣ ಬರೆದಿದೆ. ಸುಮ್ನೆ ಬೇಗ ಉತ್ತರ ಬರಲಿ ಅಂತ ಗಡುವು ಹಾಕುವವರಿದ್ದಾರೆ. ನಾಲ್ಕು ಗಂಟೆಗೂ ಏನೂ ಆಗಲಿಲ್ಲ ಅಂತ ಒಂದು ಸಲ ಗೊತ್ತಾದರೆ ಮುಗಿಯಿತು. ಅಂಕಿಯೂ ಅಷ್ಟೇ. 430 ಅನ್ನೋದು ಸಿಸ್ಟಮ್ ತೋರಿಸಿದ ಅಂಕಿಯಾ, ಯಾರಾದರೂ ಹೋಗಿ ಚೀಲ ಎಣಿಸಿದ್ದಾ ಅಂತ ಕೇಳಿದೆ. ಹುಡುಗ ಹೋಗಿ ಎಣಿಸಿ ಬಂದ. ಸರಿಯಾಗಿತ್ತು. “ಶುಕ್ರವಾರ 4” ಅಂತ ಎಲ್ಲಕ್ಕಿಂತ ಮೇಲೆ ಬರೆಯುತ್ತಿರುವಾಗ ಅಷ್ಟು ನಡೆಯಲೇಬೇಕು.

ನಿರ್ಧಾರ ಮೇಲಿರಬೇಕು ಅನ್ನೋದು ಹೊಸ ವಿಷಯವೇನಲ್ಲ. ಅಮೆರಿಕದ ಸೇನೆಯ ಪತ್ರ ವ್ಯವಹಾರದ ನಿಯಮಾವಳಿ, ಎಆರ್ 25-50, ಮುಖ್ಯ ಮಾತು ಪತ್ರದ ಮೊದಲಿಗೇ ಬರಬೇಕು, ಒಂದೇ ಸಲ ಬೇಗ ಓದಿದರೆ ಅರ್ಥವಾಗಬೇಕು ಅನ್ನುತ್ತದೆ. ಅಷ್ಟು ದೂರ ಯಾಕೆ ಹೋಗಬೇಕು? ನಾವೆಲ್ಲ ಶಾಲೆಯಲ್ಲಿ ರಜಾ ಅರ್ಜಿ ಬರೆದವರೇ. “ವಿಷಯ: ಎರಡು ದಿನದ ರಜೆ ಕೋರಿ.” ಮೇಷ್ಟ್ರು ಆ ಒಂದು ಸಾಲು ನೋಡಿ ಸಹಿ ಹಾಕುತ್ತಿದ್ದರು. ಅಕ್ಕನ ಮದುವೆ ಎಲ್ಲಿ, ಯಾವಾಗ ಅನ್ನೋದೆಲ್ಲ ಕೆಳಗೆ. ನೌಕರಿಗೆ ಬಂದ ಮೇಲೆ ಅದನ್ನು ಮರೆತು “ಸ್ಟೇಟಸ್ ಅಪ್‌ಡೇಟ್” ಅಂತ ಬರೆಯಲು ಕಲಿತೆವು.

ಆಮೇಲೆ ಪ್ರಶ್ನೆಗಳು ಬಂದವು. ಮುಖ್ಯವಾದ ಕೆಲವನ್ನು ಕೊಡುತ್ತೇನೆ.

ಹಿಂಜವಡಿಯಲ್ಲಿ ಕೆಲಸ ಮಾಡುವ ಒಬ್ಬರು ಕೇಳಿದರು: “ಸರ್, ಸೀದಾ ‘ಒಪ್ಪಿಗೆ ಬೇಕು’ ಅಂತ ಶುರು ಮಾಡಿದರೆ ಹಿರಿಯರಿಗೆ ಸೊಕ್ಕು ಅನ್ನಿಸಲ್ವಾ?” ಅನ್ನಿಸುವವರೂ ಇದ್ದಾರೆ. ಹಾಗಿದ್ದಲ್ಲಿ “ಸರ್, ನಮಸ್ಕಾರ” ಇರಲಿ, ಎರಡು ಪದಕ್ಕೆ ಏನೂ ನಷ್ಟವಿಲ್ಲ. ವಿಷಯದ ಸಾಲಿನಲ್ಲಿ ಕೇಳಿಕೆ ಇದ್ದರೆ ನಮಸ್ಕಾರ ಅದನ್ನು ಮುಚ್ಚುವುದಿಲ್ಲ. ಬಿಡಬೇಕಾದದ್ದು “ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ” ಅನ್ನೋ ಉದ್ದದ ಸಾಲು. ವಾಟ್ಸಾಪಿನಲ್ಲಾದರೆ “ಗುಡ್ ಮಾರ್ನಿಂಗ್ ಸರ್” ಅಂತ ಒಂದು ಮೆಸೇಜು ಕಳಿಸಿ ಉತ್ತರಕ್ಕೆ ಕಾಯಬೇಡಿ. ನಮಸ್ಕಾರವೂ ಕೇಳಿಕೆಯೂ ಒಂದೇ ಮೆಸೇಜಿನಲ್ಲಿರಲಿ.

“ಕೇಳೋದೇನೂ ಇಲ್ಲದಿದ್ದರೆ?” ಅಂತ ಇನ್ನೊಬ್ಬರು. ವಾರದ ವರದಿಗಳಲ್ಲಿ ಹೆಚ್ಚಿನವು ಹಾಗೇ ಇರುತ್ತವೆ. ಆಗ ಮೊದಲ ಸಾಲು: “ನಿಮ್ಮಿಂದ ಏನೂ ಬೇಕಿಲ್ಲ, ಮಾಹಿತಿಗೆ ಮಾತ್ರ.” ಅದನ್ನು ಬರೆಯಲು ಜನ ನಾಚುತ್ತಾರೆ. ಬರೆದರೆ ಓದುವವರಿಗೆ ಎಷ್ಟು ಹಗುರಾಗುತ್ತದೆ ಅನ್ನೋದು ಅವರನ್ನೇ ಕೇಳಿ. ಜೊತೆಗೆ, ನಿಜಕ್ಕೂ ಬೇಕಾದ ದಿನ ನೀವು ಕೇಳಿದ್ದು ಎದ್ದು ಕಾಣುತ್ತದೆ.

ಪಿಂಪಳೆ ಸೌದಾಗರ್‌ನಿಂದ ಬಂದಿದ್ದ ಒಬ್ಬ ಅಕ್ಕ ತಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ. ಕಮಿಟಿ ಗ್ರೂಪಿನಲ್ಲಿ ಲಿಫ್ಟ್ ರಿಪೇರಿ ಬಗ್ಗೆ ಹಾಕಿದ್ದ ಮೆಸೇಜನ್ನು ಓದಿ ತೋರಿಸಿದರು. ಏಳು ಜನ ಓದಿದ್ದಾರೆ, ಒಬ್ಬರೂ ಉತ್ತರ ಕೊಟ್ಟಿಲ್ಲ. ನಿರ್ಧಾರ ಮೊದಲ ಸಾಲಿನಲ್ಲೇ ಇತ್ತು, ಚೆನ್ನಾಗಿಯೇ ಬರೆದಿದ್ದರು. ಇಲ್ಲಿ ಕೊರತೆ ಬೇರೆ: ಯಾರನ್ನು ಕೇಳುತ್ತಿದ್ದಾರೆ ಅನ್ನೋದು ಇರಲಿಲ್ಲ. ಚೆಕ್‌ಗೆ ಸಹಿ ಹಾಕುವವರು ಚೇರ್‌ಮನ್ ಮತ್ತು ಖಜಾಂಚಿ. ಅವರಿಬ್ಬರ ಹೆಸರು ಮೊದಲ ಸಾಲಿಗೆ ಹೋಗಬೇಕು. ಮಿಕ್ಕವರಿಗೆ “ಆಕ್ಷೇಪ ಇದ್ದರೆ ಶನಿವಾರದೊಳಗೆ ಹೇಳಿ” ಅನ್ನೋದು ಎರಡನೇ ಸಾಲು. ಹಣ ಕೊಡಲು ಸಭೆಯ ಠರಾವು ಬೇಕಾದಲ್ಲಿ ಇದು ಸಾಲದು. ಆಗ ಕೇಳಬೇಕಾದದ್ದು ಖರ್ಚಿಗೆ ಒಪ್ಪಿಗೆಯನ್ನಲ್ಲ, ಸಭೆ ಯಾವ ದಿನ ಅನ್ನೋದನ್ನು.

“ಎರಡು ನಿರ್ಧಾರ ಬೇಕಿದ್ದರೆ?” ಅಂದರು ಅಕ್ಕ. ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ ಎರಡು ಮೆಸೇಜು ಕಳಿಸಿ. ಒಂದೇ ಮೆಸೇಜಿನಲ್ಲಿ ಕೇಳಿದರೆ ಸುಲಭದ್ದಕ್ಕೆ ಉತ್ತರ ಬರುತ್ತದೆ, ಕಷ್ಟದ್ದು ಹಾಗೇ ಉಳಿಯುತ್ತದೆ. ಸಂಬಂಧ ಇದ್ದರೆ, ಉದಾಹರಣೆಗೆ ಹಗ್ಗ ಬದಲಿಸಬೇಕಾ, ಬದಲಿಸಿದರೆ ಯಾವ ಕಂಪನಿಯದು ಅಂತಿದ್ದರೆ, 1, 2 ಅಂತ ಅಂಕಿ ಹಾಕಿ. “1 ಹೌದು, 2 ಮೊದಲನೆಯದು” ಅಂತ ಅವರು ಬಸ್ಸಿನಲ್ಲಿ ನಿಂತೇ ಟೈಪ್ ಮಾಡುವಂತಿರಲಿ.

ಕಳಿಸುವ ಮುಂಚೆ ಸರಿ ಇದೆಯಾ ಅಂತ ನೋಡುವುದು ಹೇಗೆ ಅಂತ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದಳು. ಪಕ್ಕದ ಟೇಬಲ್‌ನವರಿಗೆ, ಈ ವಿಷಯ ಗೊತ್ತಿಲ್ಲದವರಿಗೆ, ಮೊದಲ ಎರಡು ಸಾಲು ಮಾತ್ರ ಓದಿ ಹೇಳಮ್ಮ ಅಂದೆ. ಆಮೇಲೆ “ನೀವು ಸಾಹೇಬರಾಗಿದ್ದರೆ ಏನಂತೀರಿ?” ಅಂತ ಕೇಳು. ಹೌದು ಅಂದರೂ ಸರಿ, ಬೇಡ ಅಂದರೂ ಸರಿ, ಕಳಿಸಬಹುದು. ಅವರು ತಿರುಗಿ ಏನಾದರೂ ಕೇಳಿದರೆ, ಆ ಪ್ರಶ್ನೆಯ ಉತ್ತರ ಮೇಲಕ್ಕೆ ಹೋಗಬೇಕು. ಯಾರೂ ಸಿಗದಿದ್ದರೆ ನಿನ್ನ ಫೋನಿಗೇ ಒಮ್ಮೆ ಕಳಿಸಿಕೊ, ತೆರೆಯದೆ ಪಟ್ಟಿಯಲ್ಲಿ ಎಷ್ಟು ಕಾಣುತ್ತದೆ ನೋಡು. ಏನು ಬೇಕು, ಯಾವಾಗಿನೊಳಗೆ ಬೇಕು ಅನ್ನೋದು ಅಷ್ಟರಲ್ಲಿ ಕಾಣದಿದ್ದರೆ ವಿಷಯದ ಸಾಲನ್ನು ಇನ್ನೊಮ್ಮೆ ಬರಿ.